ಬಿಲ್ ಸರಿಯಾಗಿ ಓದಿದೆಯಾ? ಶೀಟನ್ನೇ ಕೇಳಿ

ಪೀಣ್ಯದ ರಟ್ಟಿನ ಪೆಟ್ಟಿಗೆ ಅಂಗಡಿಯ ಒಂದು ಬಿಲ್ ತೆಗೆದುಕೊಳ್ಳೋಣ. ಅಂಥ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿದರೆ ಸಾಫ್ಟ್‌ವೇರ್ ಅಂಕಿಗಳನ್ನು ಓದಿ ಶೀಟಿಗೆ ತುಂಬುತ್ತದೆ. ತೊಂದರೆ ಏನೆಂದರೆ, ತಪ್ಪು ಓದಿದರೂ ಅಷ್ಟೇ ನೀಟಾಗಿ ತುಂಬುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಬಿಲ್ಲಿನಲ್ಲಿ ಎರಡೇ ಸಾಲು. 240 ಪೆಟ್ಟಿಗೆ, ಒಂದಕ್ಕೆ 18.50, ಮೊತ್ತ 4,440. ಪ್ಯಾಕಿಂಗ್ ಟೇಪ್ 36, ಒಂದಕ್ಕೆ 42, ಮೊತ್ತ 1,512. ತಾರೀಖು 12/09/2025. ಕೈಗೆ ಬಂದದ್ದು ಸೆಪ್ಟೆಂಬರ್ 15ಕ್ಕೆ.

ಶೀಟಿನಲ್ಲಿ ಪ್ರತಿ ಸಾಲಿಗೂ A ಕಾಲಂನಲ್ಲಿ ಬಿಲ್ ಬಂದ ದಿನ, B ಬಿಲ್ ತಾರೀಖು, C ಸಂಖ್ಯೆ, D ದರ, E ಮೊತ್ತ, F ಒಟ್ಟು ಜಿಎಸ್‌ಟಿ ಶೇಕಡಾ (ಬರೀ ಅಂಕಿ, 12 ಎಂದು) ಇರಲಿ. ಕೆಳಗಿನ ಸೂತ್ರಗಳ ಉತ್ತರ TRUE ಬಂದರೆ ಸಾಲು ಹಸಿರು, FALSE ಬಂದರೆ ಕೆಂಪು ಆಗುವಂತೆ ಮಾಡಿಕೊಳ್ಳಿ.

ಮೊದಲು ತಾರೀಖು

ಎಲ್ಲರೂ ಲೆಕ್ಕದಿಂದ ಶುರು ಮಾಡುತ್ತಾರೆ. ನಾನು ತಾರೀಖಿನಿಂದ ಶುರು ಮಾಡಿ ಎನ್ನುತ್ತೇನೆ. ಯಾಕೆಂದರೆ ತೆರಿಗೆ ದರ ಸರಿಯೋ ತಪ್ಪೋ ಎನ್ನುವುದು ತಾರೀಖಿನ ಮೇಲೆ ನಿಂತಿದೆ.

```
=AND(ISNUMBER(B2),B2>=DATE(2017,7,1),B2<=A2)
```

ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ. ಅದಕ್ಕೂ ಹಿಂದಿನ ತಾರೀಖಿನ ಜಿಎಸ್‌ಟಿ ಬಿಲ್ ಇರಲಾರದು. ಕೈಗೆ ಬಂದ ದಿನಕ್ಕಿಂತ ಮುಂದಿನ ತಾರೀಖೂ ಇರಲಾರದು.

ಶೀಟಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ 12/09 ಸದ್ದಿಲ್ಲದೆ ಡಿಸೆಂಬರ್ 9 ಆಗಿಬಿಡುತ್ತದೆ. 25/09 ಆಗಿದ್ದರೆ 25ನೇ ತಿಂಗಳೇ ಇಲ್ಲವಲ್ಲ, ಹಾಗಾಗಿ ಅದು ಬರೀ ಅಕ್ಷರವಾಗಿ ಉಳಿಯುತ್ತದೆ, ISNUMBER ಹಿಡಿಯುತ್ತದೆ. ಮೋಸ ಮಾಡುವುದು 12 ಮತ್ತು ಅದರೊಳಗಿನ ದಿನಗಳೇ. ನಮ್ಮ ಬಿಲ್ ಸೆಪ್ಟೆಂಬರ್ 15ಕ್ಕೇ ಬಂದದ್ದರಿಂದ ಡಿಸೆಂಬರ್ ಎಂದ ಕೂಡಲೇ ಸಿಕ್ಕಿಬೀಳುತ್ತದೆ. ಅದೇ ಬಿಲ್ ಜನವರಿಯಲ್ಲಿ ಬಂದಿದ್ದರೆ ಈ ಸೂತ್ರಕ್ಕೆ ಸಿಗುತ್ತಿರಲಿಲ್ಲ. ಆಗ ಅದೇ ಅಂಗಡಿಯ ಹಿಂದಿನ, ಮುಂದಿನ ನಂಬರಿನ ಬಿಲ್ಲುಗಳ ತಾರೀಖು ನೋಡಬೇಕು.

ಆಮೇಲೆ ಸಾಲಿನ ಲೆಕ್ಕ

```
=ABS(C2*D2-E2)<=0.005*C2+0.01
```

ಸುಮ್ನೆ ‘ಸಮ ಇರಬೇಕು’ ಎಂದು ಬರೆದರೆ ಸರಿಯಾದ ಬಿಲ್ಲುಗಳೂ ಕೆಂಪಾಗುತ್ತವೆ. ಅಂಗಡಿಯವರ ದರ 18.4967 ಇದ್ದು, ಬಿಲ್ಲಿನಲ್ಲಿ 18.50 ಎಂದು ಅಚ್ಚಾಗಿರಬಹುದು. ಒಂದಕ್ಕೆ ಅರ್ಧ ಪೈಸೆವರೆಗಿನ ವ್ಯತ್ಯಾಸ 240ಕ್ಕೆ ರೂ. 1.20 ಆಗುತ್ತದೆ. ಅದಕ್ಕೇ ಬಿಡುವ ಅಂತರವೂ ಸಂಖ್ಯೆಯ ಜೊತೆಗೆ ಬೆಳೆಯಬೇಕು. ರಿಯಾಯಿತಿ ಕಾಲಂ ಇದ್ದರೆ ಅದನ್ನು ಮೊದಲು ಕಳೆಯಿರಿ.

ಈಗ ಸ್ಕ್ಯಾನರ್ 18.50 ಅನ್ನು 13.50 ಎಂದು ಓದಿತು ಎನ್ನಿ. 240 × 13.50 ಅಂದರೆ 3,240. ಅಚ್ಚಾದ ಮೊತ್ತ 4,440. ವ್ಯತ್ಯಾಸ 1,200. ಅದನ್ನು 240ರಿಂದ ಭಾಗಿಸಿದರೆ ಸರಿಯಾಗಿ 5. 8ಕ್ಕೂ 3ಕ್ಕೂ ಇರುವ ಅಂತರವೂ ಅದೇ ಅಲ್ವಾ? ದರದ ಅಂಕಿಯೇ ತಪ್ಪಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಮೊತ್ತಗಳನ್ನು ಕೂಡಿ ನೋಡಿ: 4,440 + 1,512 = 5,952. ಬಿಲ್ಲಿನ ಕೆಳಗೆ ತೆರಿಗೆಗೆ ಮುಂಚಿನ ಮೊತ್ತವೂ 5,952 ಇದ್ದರೆ ಸಾಲಿನ ಮೊತ್ತ ಸರಿ, ದರ ಓದಿದ್ದೇ ತಪ್ಪು. ಕೂಡಿದ್ದು ಕಡಿಮೆ ಬಂದರೆ ಒಂದು ಸಾಲೇ ಬಿಟ್ಟುಹೋಗಿರಬಹುದು.

ಕೊನೆಗೆ ತೆರಿಗೆ

```
=IF(B2<DATE(2025,9,22),OR(F2=0,F2=5,F2=12,F2=18,F2=28),OR(F2=0,F2=5,F2=18,F2=40))
```

ನಮ್ಮ ಬಿಲ್ಲಿನಲ್ಲಿ ಪೆಟ್ಟಿಗೆಗೆ ಶೇ 12, ಟೇಪಿಗೆ ಶೇ 18. 2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಪೆಟ್ಟಿಗೆ ಶೇ 5ಕ್ಕೆ ಇಳಿಯಿತು. ಸೆಪ್ಟೆಂಬರ್ 12ರ ಬಿಲ್ಲಿಗೆ 12 ಸರಿ. ಡಿಸೆಂಬರ್ 9 ಎಂದು ಓದಿದ್ದರೆ ಸರಿಯಾದ ದರವೇ ತಪ್ಪೆಂದು ತೋರುತ್ತಿತ್ತು. ಚಿನ್ನ, ತಂಬಾಕಿನ ವ್ಯಾಪಾರ ಇದ್ದರೆ ಈ ಪಟ್ಟಿ ಸಾಲದು.

ಇದನ್ನು ಸಾಲು ಸಾಲಿಗೆ ಮಾಡಬೇಕು. ನಮ್ಮ ಬಿಲ್ಲಿನ ಒಟ್ಟು ತೆರಿಗೆ 532.80 + 272.16, ಅಂದರೆ 804.96. ಅದನ್ನು 5,952ರಿಂದ ಭಾಗಿಸಿದರೆ ಸುಮಾರು ಶೇ 13.52 ಬರುತ್ತದೆ. ಅಂಥ ದರವೇ ಇಲ್ಲ, ಆದರೆ ಬಿಲ್ ಸರಿಯಾಗಿಯೇ ಇದೆ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ 402.48 ಇವೆಯಾ ಎಂದೂ ನೋಡಿ. ಒಟ್ಟು 6,756.96, ಬಿಲ್ಲಿನಲ್ಲಿ 6,757. ಆ ನಾಲ್ಕು ಪೈಸೆ ರೌಂಡ್ ಆಫ್. ಅದು 50 ಪೈಸೆ ದಾಟಿದರೆ ಮಾತ್ರ ಕೆಂಪು ಮಾಡಿ.

ಇಷ್ಟೆಲ್ಲ ಮಾಡಿಯೂ ಒಂದು ವಿಷಯ ಕೈಕೊಡಬಹುದು. ಕೆಲವು ಸಾಫ್ಟ್‌ವೇರುಗಳು ಮೊತ್ತ ಕಾಣದಿದ್ದರೆ ತಾವೇ ಗುಣಿಸಿ ತುಂಬುತ್ತವೆ. ಆಗ C × D ಯಾವತ್ತೂ E ಆಗಿಯೇ ಇರುತ್ತದೆ, ಎಲ್ಲವೂ ಹಸಿರು! E ಕಾಲಂಗೆ ಕಾಗದದಲ್ಲಿ ಅಚ್ಚಾದದ್ದೇ ಬರಲಿ, ಕಾಣದಿದ್ದರೆ ಖಾಲಿ ಇರಲಿ. ಕೆಂಪಾದ ಸಾಲನ್ನೂ ಶೀಟ್ ತಾನೇ ತಿದ್ದುವುದು ಬೇಡ. ಪಕ್ಕದಲ್ಲೇ ಬಿಲ್ಲಿನ ಆ ಸಾಲಿನ ಚಿತ್ರ ಇಟ್ಟರೆ, 18.50 ಎಂದು ತಿದ್ದಲು ನೋಡುವವರಿಗೆ ಹತ್ತು ಸೆಕೆಂಡ್ ಸಾಕು.