ಮೊದಲ ಫಾರಿನ್ ಟ್ರಿಪ್‌ಗೆ ಶ್ರೀಲಂಕಾ ಸಾಕು

ನಮ್ಮ ಕೊಡಗಿನಿಂದ ಮಕ್ಕಳು, ಹಿರಿಯರ ಜೊತೆ ಮೊದಲ ಸಲ ವಿದೇಶಕ್ಕೆ ಹೊರಟಿದ್ದರೆ ಶ್ರೀಲಂಕಾ ನೋಡಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮಡಿಕೇರಿಯಿಂದ ಬೆಂಗಳೂರು ತಲುಪೋದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲ್ವಾ? ಗಡಿಯಾರ ಬದಲಿಸೋ ಕೆಲಸವೂ ಇಲ್ಲ, ಊಟಕ್ಕೆ ಅನ್ನ, ಸಾರು ಸಿಗುತ್ತದೆ.

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಲಿ. ನಮ್ಮಲ್ಲಿ ಮನೆ ಹೆಸರು ಕೆಲವು ದಾಖಲೆಯಲ್ಲಿ ಪೂರ್ತಿ, ಕೆಲವದರಲ್ಲಿ ಬರೀ ಇನಿಷಿಯಲ್. ಟಿಕೆಟ್‌ಗೆ, ಇಟಿಎಗೆ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಿ. ಇಟಿಎ ಅಂದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ. ಸರ್ಕಾರಿ ಸೈಟ್ eta.gov.lk. ಅದೇ ಥರ ಕಾಣುವ ಖಾಸಗಿ ಸೈಟ್‌ಗಳು ಸುಮ್ನೆ ಹೆಚ್ಚು ದುಡ್ಡು ಕೀಳುತ್ತವೆ. ವಿಳಾಸ gov.lk ಅಂತ ಮುಗಿಯುತ್ತದಾ ನೋಡಿ.

ಮೊದಲ ರಾತ್ರಿ ಏರ್‌ಪೋರ್ಟ್ ಹತ್ತಿರದ ನೆಗೊಂಬೊದಲ್ಲಿ ಉಳಿಯಿರಿ. ಆಮೇಲೆ ಡ್ರೈವರ್ ಸಮೇತ ಕಾರಿನಲ್ಲಿ ಕ್ಯಾಂಡಿ, ಅಲ್ಲಿಂದ ಬೆಂಟೋಟ ಅಥವಾ ಗಾಲೆಯ ಕಡಲು. ಅಲ್ಲಿನ ಗಿರಿಧಾಮ ನುವಾರ ಎಲಿಯ ಬಿಟ್ಟರೂ ನಡೆಯುತ್ತದೆ. ಮಂಜು, ಬೆಟ್ಟ, ತೋಟ ನಮಗೆ ಮನೆ ಬಾಗಿಲಲ್ಲೇ ಇವೆ. ಕ್ಯಾಂಡಿಯ ದಂತ ದೇವಾಲಯಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿ ಅದು ದೊಡ್ಡ ಅವಮಾನ.