ಆನ್‌ಲೈನ್ ದಿನಸಿಯಲ್ಲಿ ಕಳ್ಕೊಂಡ ದುಡ್ಡು ಪೂರ್ತಿ ವಾಪಸ್ ಬಂತು, ನನ್ನ ಅನುಭವ

ಇತ್ತೀಚಿನ ಒಂದು ಆರ್ಡರ್‌ನಲ್ಲಿ 23 ಐಟಂ ಇತ್ತು, ಅದರಲ್ಲಿ ಎರಡು ಬಂದಿರ್ಲಿಲ್ಲ, ಒಂದರ ಬದಲಿಗೆ ಬೇರೆ ಏನೋ ಬಂದಿತ್ತು, ಪಾಲಕ್ ತೂಕದಲ್ಲಿ ಕಮ್ಮಿ. ನಾಲ್ಕಕ್ಕೂ ದುಡ್ಡು ವಾಪಸ್ ಬಂತು, ಅದೂ ವಾಲೆಟ್‌ಗಲ್ಲ, ಬ್ಯಾಂಕಿಗೆ. ನಮ್ಮಣ್ಣ "ನಿಂಗೆ ಬೇರೆ ಕೆಲ್ಸ ಇಲ್ವೇನೋ, ಅವ್ರೆಲ್ಲಿ ಕೊಡ್ತಾರೆ" ಅಂತ ಆರು ತಿಂಗ್ಳಿಂದ ನಗ್ತಿದ್ದ, ಅವನಿಗೋಸ್ಕರಾನೇ ಇದನ್ನ ಬರೀತಿರೋದು.

ಮೊದ್ಲು ನಾನು ಮಾಡ್ತಿದ್ದ ತಪ್ಪು ಹೇಳ್ಬಿಡ್ತೀನಿ. ಬ್ಯಾಗ್ ಬಂದ ತಕ್ಷಣ ಎಲ್ಲ ಎತ್ತಿಟ್ಟು, ರಾತ್ರಿ ಅಡುಗೆ ಮಾಡೋವಾಗ "ಅಯ್ಯೋ ಎಣ್ಣೆ ಬಂದೇ ಇಲ್ಲ" ಅಂತ ಗೊತ್ತಾಗೋದು, ಆಗ ಆ್ಯಪ್ ತೆಗೆದ್ರೆ ಕಂಪ್ಲೇಂಟ್ ಕೊಡೋ ಟೈಮ್ ಮುಗಿದಿರೋದು, ಇಲ್ಲಾ ಅಂದ್ರೆ "ಫೋಟೋ ಕಳ್ಸಿ" ಅನ್ನೋರು, ಬರ್ದೇ ಇರೋ ಎಣ್ಣೆಯ ಫೋಟೋ ಎಲ್ಲಿಂದ ತರ್ಲಿ? ಹೀಗೆ ಕಳ್ಕೊಂಡಿದ್ದು ಸುಮಾರು ಒಂದು ತಿಂಗಳ ದಿನಸಿ ಬಿಲ್ಲಿನಷ್ಟು ಇರ್ಬೇಕು, ಲೆಕ್ಕ ಇಟ್ಟಿಲ್ಲ.

ಈಗ ಮಾಡೋದು ಇಷ್ಟೇ. ಬಂದಿದ್ದನ್ನೆಲ್ಲ ನೆಲದ ಮೇಲೆ ಹರಡಿ, ಪಕ್ಕದಲ್ಲಿ ಖಾಲಿ ಬ್ಯಾಗುಗಳನ್ನೂ ಮಗುಚಿಟ್ಟು, ಒಂದೇ ಫೋಟೋದಲ್ಲಿ ಎಲ್ಲ ಕಾಣೋ ಹಾಗೆ ಮೇಲಿಂದ ಹೊಡೀತೀನಿ. ಬರ್ದೇ ಇರೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಮೊದಲ್ನೇ ಸಲ ಹಿಂಗೆ ಹರಡ್ಕೊಂಡು ಕೂತಿದ್ದಾಗ ನಮ್ಮನೆಯವ್ಳು "ರೀ, ಮೊದ್ಲು ಹಾಲು ಫ್ರಿಜ್ಜಿಗೆ ಇಡಿ, ಆಮೇಲೆ ಫೋಟೋ ಶೂಟ್ ಮಾಡ್ಕೊಳಿ" ಅಂದ್ಳು. ಅವ್ಳು ಹೇಳಿದ್ದೇ ಸರಿ, ಅವತ್ತು ಐಸ್‌ಕ್ರೀಮ್ ಕರಗಿ ನೀರಾಗಿತ್ತು. ಈಗ ತಣ್ಣಗಿರೋದನ್ನ ಮೊದ್ಲು ಜೋಡಿಸಿ ಫೋಟೋ ತೆಗೆದು ಒಳಗಿಡ್ತೀನಿ, ಉಳಿದಿದ್ದು ಆಮೇಲೆ.

ಟೈಮ್ ವಿಷ್ಯ ಬೇಗ ಮುಗಿಸ್ತೀನಿ: ಆ 23 ಐಟಂ ಆರ್ಡರ್‌ಗೆ 7ರಿಂದ 9ರ ಸ್ಲಾಟು, ಬಂದಿದ್ದು 9.40ಕ್ಕೆ. ಆದ್ರೆ ತಡ ಆಗಿದ್ದಕ್ಕಿಂತ ತಣ್ಣಗಿರೋ ಐಟಂ ಹೆಂಗೆ ಬಂತು ಅನ್ನೋದು ಮುಖ್ಯ. ಫ್ರೋಜನ್ ಬಟಾಣಿ ಪ್ಯಾಕೆಟ್ ಅಲ್ಲಾಡ್ಸಿ ನೋಡಿ, ಕಾಳು ಬಿಡಿಬಿಡಿಯಾಗಿದ್ರೆ ಸಾಮಾನ್ಯವಾಗಿ ಸರಿ ಇರುತ್ತೆ, ಇಟ್ಟಿಗೆ ಥರ ಒಂದೇ ಗಡ್ಡೆ ಆಗಿದ್ರೆ ಎಲ್ಲೋ ಒಂದ್ಸಲ ಕರಗಿ ಮತ್ತೆ ಹೆಪ್ಪುಗಟ್ಟಿರೋ ಸಾಧ್ಯತೆ ಜಾಸ್ತಿ.

ಪಾಲಕ್ ಕಥೆ ಕೇಳಿ. ಕಟ್ಟಿನ ಮೇಲೆ 250 ಗ್ರಾಂ ಅಂತಿತ್ತು, ತಕ್ಕಡಿಗಿಟ್ರೆ 240ರ ಹತ್ರ ತೋರಿಸ್ತು, ಹೋಗ್ಲಿ ಬಿಡು ಅನ್ಕೊಂಡೆ. ಆದ್ರೆ ಕವರ್ ಒಳಗೆಲ್ಲ ನೀರು. ಬಟ್ಟೆ ಮೇಲೆ ಹರಡಿ ಒರೆಸಿ ಮತ್ತೆ ತೂಗಿದ್ರೆ 200ರ ಆಸುಪಾಸು. ಅಂದ್ರೆ ಐದರಲ್ಲೊಂದು ಪಾಲು ಕಮ್ಮಿ, ನಾನು ನೀರಿಗೂ ದುಡ್ಡು ಕೊಟ್ಟಿದ್ದೆ. ಎರಡೂ ಸಲ ತಕ್ಕಡಿ ತೋರಿಸಿದ್ದನ್ನ ಫೋಟೋ ತೆಗೆದಿಟ್ಟೆ. ಇದೇ ಹುಚ್ಚಲ್ಲಿ ಮೊಟ್ಟೇನೂ ನೀರಿಗೆ ಹಾಕಿ ನೋಡ್ದೆ. ಹಳೇದಾದಷ್ಟೂ ಒಳಗಿನ ಗಾಳಿ ಚೀಲ ದೊಡ್ಡದಾಗಿ ಮೊಟ್ಟೆ ಎದ್ದು ನಿಲ್ಲುತ್ತೆ. ಎರಡು ನೆಟ್ಟಗೆ ನಿಂತ್ವು, ಆದ್ರೆ ತಳ ಬಿಟ್ಟಿರ್ಲಿಲ್ಲ, ಅಂದ್ರೆ ಹಳೇವು ಅಷ್ಟೇ, ಕೆಟ್ಟಿವೆ ಅನ್ನೋಕಾಗಲ್ಲ, ಅದಕ್ಕೇ ಕಂಪ್ಲೇಂಟ್ ಕೊಡ್ಲಿಲ್ಲ.

ಬದಲಿ ಐಟಂ ವಿಷ್ಯದಲ್ಲಿ ನನಗೆ ಜಾಸ್ತಿ ಸಿಟ್ಟು ಬರೋದು. ವಾಸನೆ ಇಲ್ಲದ ಬಟ್ಟೆ ಸೋಪಿನ ಪುಡಿ ಕೇಳಿದ್ರೆ ಘಮಘಮ ಅನ್ನೋದು ಕಳ್ಸಿದ್ರು. ಅವ್ರ ಲೆಕ್ಕದಲ್ಲಿ ಎರಡೂ ಒಂದೇ, ನಮ್ಮನೇಲಿ ಅದನ್ನ ಹಾಕಿದ್ರೆ ಮಗನಿಗೆ ಮೈಯೆಲ್ಲ ಕೆರೆತ. ಎಲ್ಲಾದಕ್ಕೂ ಬದಲಿ ಬೇಡ ಅಂತ ಆಫ್ ಮಾಡಿ ಒಂದ್ಸಲ ನೋಡಿದ್ದೆ, ಅರ್ಧ ಬುಟ್ಟಿ ಖಾಲಿ ಬಂತು. ಈಗ ಸೋಪು ಮತ್ತೆ ಮಗು ತಿನ್ನೋದಕ್ಕೆ ಮಾತ್ರ ಆಫ್, ಟೊಮೇಟೊ ಈರುಳ್ಳಿಗೆಲ್ಲ ಆನ್. ಬದಲಿ ಬಂದ್ರೆ ಬಿಲ್ಲಲ್ಲಿ ಒಂದು ಕೆಜಿಗೆ ಎಷ್ಟು ಬಿತ್ತು ಅಂತ ನೋಡಿ, ಕೆಲವು ಸಲ ಒಂದು ಕೆಜಿ ಪ್ಯಾಕ್ ಬದಲು ಎರಡು ಅರ್ಧ ಕೆಜಿ ಕೊಟ್ಟು ಜಾಸ್ತಿ ದುಡ್ಡು ಹಾಕಿರ್ತಾರೆ.

ದುಡ್ಡಿನ ಲೆಕ್ಕದಲ್ಲಿ ಒಂದ್ಸಲ ನಾನೇ ಮುಖಭಂಗ ಮಾಡ್ಕೊಂಡೆ. ನೂರರ ಐಟಂ ಬಂದಿಲ್ಲ, ವಾಪಸ್ ಬಂದಿದ್ದು ತೊಂಬತ್ತು, ಕಸ್ಟಮರ್ ಕೇರ್ ಹುಡುಗಿ ಜೊತೆ ಅರ್ಧ ಗಂಟೆ ಜಗಳ ಆಡ್ದೆ. ಆಮೇಲೆ ನೋಡಿದ್ರೆ ಇಡೀ ಆರ್ಡರ್‌ಗೆ ಶೇಕಡ 10 ಕೂಪನ್ ಹಾಕಿದ್ದೆ, ಅಂದ್ರೆ ನಾನು ಕೊಟ್ಟಿದ್ದೇ ತೊಂಬತ್ತು. ಆದ್ರೆ ಅದೇ ಹಳೇ ಆರ್ಡರ್‌ನಲ್ಲಿ ಇನ್ನೊಂದೂ ಇತ್ತು: ಐಟಂ ಇಲ್ಲದೇ ಮೊತ್ತ ಕಮ್ಮಿ ಆಯ್ತು ಅಂತ ಡೆಲಿವರಿ ಚಾರ್ಜ್ ಸೇರಿಸಿದ್ರು, ಅದನ್ನ ಕೇಳಿ ವಾಪಸ್ ತಗೊಂಡೆ. ತಪ್ಪು ಅವ್ರದ್ದು, ಚಾರ್ಜ್ ನಾನ್ಯಾಕೆ ಕೊಡ್ಲಿ.

ರಿವ್ಯೂ ಬರೆಯೋವಾಗ್ಲೂ ಅಷ್ಟೇ, "ಸರ್ವಿಸ್ ಕೆಟ್ಟದು" ಅಂತ ಬರೆದ್ರೆ ಕ್ಷಮೆ ಕೇಳಿ ಸುಮ್ಮನಾಗ್ತಾರೆ. "23ರಲ್ಲಿ 2 ಬಂದಿಲ್ಲ, ಪಾಲಕ್ 250 ಬದಲು 200, ಸ್ಲಾಟ್ ಮುಗಿದು 40 ನಿಮಿಷಕ್ಕೆ ಬಂತು" ಅಂತ ಹಾಕಿದ್ದಕ್ಕೆ ಅವತ್ತೇ ಫೋನ್ ಬಂತು. ವಾಲೆಟ್‌ಗೆ ಹಾಕ್ತೀವಿ ಅಂದ್ರು, ಬೇಡ ಅಂದೆ, ಮೂರ್ನಾಲ್ಕು ದಿನದಲ್ಲಿ ಬ್ಯಾಂಕಿಗೆ ಬಂತು. ಡೆಲಿವರಿ ಹುಡುಗನಿಗೆ ಮಾತ್ರ ಪೂರ್ತಿ ಸ್ಟಾರ್ ಕೊಟ್ಟೆ, ಪ್ಯಾಕ್ ಮಾಡಿದ್ದು ಅವನಲ್ವಲ್ಲ.

ವಾಲೆಟ್ ಬೇಡ ಅನ್ನೋಕೆ ನಾನು ಹೇಳೋ ಒಂದು ಮಾತಿದೆ, ಅದನ್ನ ಇಲ್ಲಿ ಹಾಕಲ್ಲ. ಯಾವ ಸ್ಲಾಟಲ್ಲಿ ಸೊಪ್ಪು ಫ್ರೆಶ್ ಬರುತ್ತೆ ಅನ್ನೋದನ್ನೂ ಹೇಳಲ್ಲ, ನೀವೆಲ್ಲ ಬುಕ್ ಮಾಡ್ಬಿಟ್ರೆ ನನಗೆಲ್ಲಿ ಸಿಗುತ್ತೆ.