ರೆಕ್ಟಮ್ ಕ್ಯಾನ್ಸರ್ ಆಪರೇಶನ್ ಆದಮೇಲೆ ಗಂಡ-ಹೆಂಡತಿ ಸಂಬಂಧ: ನನ್ನ ಅನುಭವ

ನಾನು ಗದಗದವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ವಯಸ್ಸು ಐವತ್ತು ದಾಟಿದೆ. ರೆಕ್ಟಮ್ ಅಂದರೆ ಗುದದ್ವಾರಕ್ಕೆ ಸೇರುವ ದೊಡ್ಡ ಕರುಳಿನ ಕೊನೆಯ ಭಾಗ, ಅದರ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಏನು ತಿನ್ನಬೇಕು, ಹೊಟ್ಟೆಯ ಮೇಲೆ ಹಾಕುವ ಮಲದ ಚೀಲ ಹೇಗೆ ಬದಲಿಸಬೇಕು, ಕೀಮೋ ತಗೊಂಡಾಗ ಏನಾಗುತ್ತದೆ, ಇದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಗಂಡ-ಹೆಂಡತಿ ಕೂಡುವ ವಿಷಯ ಮಾತ್ರ ಯಾರೂ ತಾವಾಗಿ ಎತ್ತಲಿಲ್ಲ. ನಾನೇ ಕೇಳಿದೆ, ಅದೂ ಆಪರೇಶನ್ನಿಗೆ ಮೊದಲೇ ಕೇಳಿದೆ. ಮೊದಲೇ ಕೇಳಿದ್ದರಿಂದ ಬಹಳ ಉಪಯೋಗವಾಯಿತು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಗಡ್ಡೆ ಗುದದ್ವಾರದಿಂದ 6 ಸೆಂಟಿಮೀಟರ್ ಮೇಲಿತ್ತು. ಮೊದಲು ಐದು ವಾರ ರೇಡಿಯೇಶನ್, ಜೊತೆಗೆ ಕೀಮೋ ಮಾತ್ರೆ, ಆಮೇಲೆ ಆಪರೇಶನ್ ಅಂತ ತೀರ್ಮಾನವಾಯಿತು. ಆಪರೇಶನ್ ಆದಮೇಲೆ ನಿಮಿರುವಿಕೆ ಉಳಿಯುತ್ತದೆಯೇ ಎಂದು ನೇರವಾಗಿ ಕೇಳಿದಾಗ ಸರ್ಜನ್ ಒಂದು ಹಾಳೆ ತಗೊಂಡು ಸೊಂಟದ ಚಿತ್ರ ಬರೆದರು. ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ.

ರೆಕ್ಟಮ್ಮಿನ ಸುತ್ತ ಕೊಬ್ಬಿನ ಒಂದು ಹೊದಿಕೆ ಇರುತ್ತದೆ. ಕ್ಯಾನ್ಸರ್ ಹರಡುವ ಗ್ರಂಥಿಗಳು ಆ ಕೊಬ್ಬಿನಲ್ಲೇ ಇರುತ್ತವೆ, ಹಾಗಾಗಿ ಹೊದಿಕೆ ಹರಿಯದಂತೆ ಪೂರ್ತಿ ತೆಗೆಯಬೇಕು. ನಿಮಿರುವಿಕೆ, ವೀರ್ಯ, ಮೂತ್ರ ಇವನ್ನು ನಡೆಸುವ ನರಗಳು ಇರುವುದು ಆ ಹೊದಿಕೆಯ ಹೊರ ಮಗ್ಗುಲಿಗೆ, ಅಂಟಿಕೊಂಡ ಹಾಗೆ. ಹಿಂದೆ ಸರ್ಜನ್‌ಗಳು ಒಳಗೆ ಕೈ ಹಾಕಿ ಬಿಡಿಸುತ್ತಿದ್ದರಂತೆ, ಆಗ ನರ ಹರಿಯುವುದು ಮಾಮೂಲಿ. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಎಂಬ ಸರ್ಜನ್, ಕೊಬ್ಬು ಮತ್ತು ನರಗಳ ನಡುವಿನ ತೆಳು ಪದರವನ್ನು ಕಣ್ಣಲ್ಲಿ ನೋಡಿಕೊಂಡೇ ಬಿಡಿಸಿ ಆ ಹೊದಿಕೆ ಪೂರ್ತಿ ತೆಗೆಯುವ ಬಗ್ಗೆ ಬರೆದರು. ಈಗ ಎಲ್ಲೆಡೆ ಅದೇ ಕ್ರಮ. ಹಾಗಂತ ಅಪಾಯ ಪೂರ್ತಿ ಹೋಗಿಲ್ಲ. ಗಂಡಸರ ಸೊಂಟದ ಗೂಡು ಕಿರಿದು, ಒಳಗೆ ಜಾಗ ಕಡಿಮೆ.

ಸರ್ಜನ್ ಚಿತ್ರದಲ್ಲಿ ಮೂರು ಕಡೆ ಗುರುತು ಹಾಕಿದರು. ಮೊದಲನೆಯದು ಮೇಲೆ, ಬೆನ್ನುಮೂಳೆಯ ಮುಂದೆ ಇಳಿದು ಬರುವ ನರಗಳು. ವೀರ್ಯ ಹೊರಗೆ ಬರುವುದು ಇವುಗಳಿಂದ. ಎರಡನೆಯದು ಸೊಂಟದ ಎರಡೂ ಪಕ್ಕ, ಬೆನ್ನುಹುರಿಯ ತುದಿಯಿಂದ ಬಂದು ಜಾಲವಾಗುವ ನರಗಳು. ನಿಮಿರುವಿಕೆ ಇವುಗಳಿಂದ, ಮೂತ್ರಚೀಲ ಹಿಂಡಿ ಖಾಲಿಯಾಗುವುದೂ ಇವುಗಳಿಂದಲೇ. ಮೂರನೆಯದು ಮುಂದೆ, ಪ್ರಾಸ್ಟೇಟ್ ಗ್ರಂಥಿಯ ಹಿಂದೆ. ಗಡ್ಡೆ ಮುಂದಿನ ಗೋಡೆಯಲ್ಲಿದ್ದರೆ ಅಲ್ಲಿ ಅಪಾಯ ಜಾಸ್ತಿ. "ಮೊದಲ ಗಡ್ಡಿ ಪೂರ್ತಿ ತಗೀಬೇಕ್ರಿ ಸರ್. ಅದಕ್ಕ ಹತ್ತಿಕೊಂಡಿದ್ದ ನರ ಬಿಡಾಕ ಬರೂದಿಲ್ಲ. ಹತ್ತಿರಲಿಲ್ಲಂದ್ರ ಉಳಸ್ತೀನಿ" ಅಂದರು. ನನಗೆ ಆ ಮಾತು ಸರಿ ಅನಿಸಿತು.

ಅವತ್ತೇ ಇನ್ನೊಂದು ಕೆಲಸವಾಯಿತು. ಐದು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನಿಮಿರುತ್ತದೆಯೇ, ಕೊನೆಯವರೆಗೆ ನಿಲ್ಲುತ್ತದೆಯೇ, ಹೀಗೆ. ಒಟ್ಟು 25 ಅಂಕ, 22 ಅಥವಾ ಹೆಚ್ಚು ಬಂದರೆ ತೊಂದರೆಯಿಲ್ಲ ಎಂದು ಲೆಕ್ಕ. ನನಗೆ ಬಂದದ್ದು 20. ಸಕ್ಕರೆ ಕಾಯಿಲೆ ಇದೆ ನನಗೆ, ಅದರ ಪಾಲು ಮೊದಲೇ ಇತ್ತು ಅಂತ ಆಯಿತು. ಈ ಅಂಕ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಹೇಳುವುದು ಹೇಗೆ? ಇನ್ನೂ ಮಕ್ಕಳು ಬೇಕು ಅನ್ನುವವರು ರೇಡಿಯೇಶನ್ ಶುರುವಾಗುವ ಮೊದಲೇ ವೀರ್ಯ ಶೇಖರಿಸಿ ಇಡುವ ಬಗ್ಗೆ ಕೇಳಬೇಕು. ನಮಗೆ ಅದು ಬೇಕಿರಲಿಲ್ಲ.

ಆಪರೇಶನ್ ಆಯಿತು. ಹೊಟ್ಟೆಯ ಮೇಲೆ ತಾತ್ಕಾಲಿಕ ಚೀಲ ಬಂತು. ಡಿಸ್ಚಾರ್ಜ್ ಆಗುವಾಗ ಆಪರೇಶನ್ ನೋಟ್ಸ್ ಪ್ರತಿ ಕೇಳಿ ತಗೊಂಡೆ, ನೀವೂ ತಗೊಳ್ಳಿ. ಬಲಗಡೆ ನರಗಳನ್ನು ಗುರುತಿಸಿ ಉಳಿಸಿದೆ, ಎಡಗಡೆ ಗಡ್ಡೆ ಜಾಲಕ್ಕೆ ಹತ್ತಿಕೊಂಡಿದ್ದರಿಂದ ಒಂದಷ್ಟು ತೆಗೆಯಬೇಕಾಯಿತು ಎಂದು ಅದರಲ್ಲಿತ್ತು. ಒಂದು ಪಕ್ಕ ಉಳಿದಿದ್ದರೂ ನಿಮಿರುವಿಕೆ ಮರಳುವ ಸಾಧ್ಯತೆ ಇರುತ್ತದೆ, ಆದರೆ ತಡವಾಗಿ, ಮತ್ತು ಮೊದಲಿನಷ್ಟೇ ಅಲ್ಲ. ಎಳೆದಾಡಿದ ನರ, ಬಿಸಿ ತಗುಲಿದ ನರ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗೂ ಕಾಯಬೇಕು. ಕತ್ತರಿಸಿದ್ದು ಬರುವುದಿಲ್ಲ.

ನರಕ್ಕೆ ಪೆಟ್ಟಾಗಿದೆ ಎಂದು ಮೊದಲು ಗೊತ್ತಾದದ್ದು ಮೂತ್ರದಿಂದ. ಪೈಪ್ ತೆಗೆದ ದಿನ ಮೂತ್ರ ಹೋಗಲೇ ಇಲ್ಲ, ಹೊಟ್ಟೆ ಬಿಗಿಯಿತು, ಮತ್ತೆ ಪೈಪ್ ಹಾಕಿದರು. ಎರಡಕ್ಕೂ ಒಂದೇ ನರದ ಜಾಲ ಅಂತ ಹೇಳಿದೆನಲ್ಲ, ಅದಕ್ಕೇ. ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟರು, ಕೆಲವು ವಾರಗಳಲ್ಲಿ ಮೂತ್ರ ಸರಿಹೋಯಿತು. ಬೆಳಗಿನ ಜಾವದ ನಿಮಿರುವಿಕೆ ಮಾತ್ರ ಪೂರ್ತಿ ನಿಂತಿತ್ತು.

ನನಗೆ ಬಹಳ ಧೈರ್ಯ ಕೊಟ್ಟ ಸಂಗತಿ ಇದು. ಮುಟ್ಟಿದರೆ ಗೊತ್ತಾಗುತ್ತಿತ್ತು. ಸುಖದ ತುದಿಯೂ ಮುಟ್ಟುತ್ತಿತ್ತು, ನಿಮಿರದಿದ್ದರೂ. ಸ್ಪರ್ಶದ ನರ ಬೇರೆ, ಅದು ಸೊಂಟದ ಕೆಳಗಿನ ಬದಿಯಲ್ಲಿ ಹೋಗುತ್ತದೆ, ಈ ಆಪರೇಶನ್ನಿನ ದಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ವೀರ್ಯ ಮಾತ್ರ ಹೊರಗೆ ಬರುತ್ತಿರಲಿಲ್ಲ. ಆಮೇಲೆ ಮೂತ್ರ ಸ್ವಲ್ಪ ಮಬ್ಬಾಗಿ ಕಂಡಿತು. ಲ್ಯಾಬಿನಲ್ಲಿ ನೋಡಿದಾಗ ಅದರಲ್ಲಿ ವೀರ್ಯಾಣು ಇದ್ದವು. ಅಂದರೆ ವೀರ್ಯ ಹಿಂದಕ್ಕೆ, ಮೂತ್ರಚೀಲಕ್ಕೆ ಹೋಗುತ್ತಿತ್ತು. ಟ್ಯಾಮ್ಸುಲೋಸಿನ್ನಿನಿಂದಲೂ ಹೀಗಾಗಬಹುದಂತೆ, ಆದರೆ ಅದನ್ನು ನಿಲ್ಲಿಸಿದಮೇಲೂ ನನ್ನದು ಹಾಗೇ ಇತ್ತು. ಇದರಿಂದ ಅಪಾಯವಿಲ್ಲ.

ಗಾಯ ಮಾಗಿದಮೇಲೆ ಯುರಾಲಜಿಸ್ಟ್ ನಿಮಿರುವಿಕೆಗೆ ಸಿಲ್ಡೆನಾಫಿಲ್ ಮಾತ್ರೆ ಶುರು ಮಾಡಿದರು. ಮೊದಲ ಪ್ರಶ್ನೆ, ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ತೀರಾ? ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯೂ ಅದರಲ್ಲಿ ಬರುತ್ತದೆ. ಅದು ಇದ್ದರೆ ಇದನ್ನು ಮುಟ್ಟಲೇಬಾರದು, ಬಿಪಿ ಕುಸಿದು ಜೀವಕ್ಕೇ ಬರುತ್ತದೆ. ನಾನು ಆಗ ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದೆ, ಎರಡೂ ಕೂಡಿದರೆ ಬಿಪಿ ಇಳಿದು ತಲೆ ಸುತ್ತಬಹುದೆಂದು 25 ಮಿಲಿಗ್ರಾಂನಿಂದ ಶುರು ಮಾಡಿ, ಟ್ಯಾಮ್ಸುಲೋಸಿನ್ ನಿಲ್ಲಿಸಿದಮೇಲೆ 50ಕ್ಕೆ, ಆಮೇಲೆ 100ಕ್ಕೆ ಏರಿಸಿದರು. ಖಾಲಿ ಹೊಟ್ಟೆಯಲ್ಲಿ, ಒಂದು ತಾಸು ಮೊದಲು. ಎಣ್ಣೆ ಬದನೆಕಾಯಿ, ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ಉಂಡು ಮಾತ್ರೆ ನುಂಗಿದರೆ ಅದು ಏರುವುದೇ ತಡ. ಮತ್ತೆ, ನುಂಗಿ ಸುಮ್ನೆ ಮಲಗಿದರೆ ಏನೂ ಆಗುವುದಿಲ್ಲ. ಆಸೆ, ಸ್ಪರ್ಶ ಎರಡೂ ಬೇಕು. ಸರಿಯಾದ ಡೋಸಿನಲ್ಲಿ ಕನಿಷ್ಠ ಆರೇಳು ಸಲವಾದರೂ ನೋಡಿದಮೇಲೆಯೇ ಕೆಲಸ ಮಾಡಲಿಲ್ಲ ಅನ್ನಬೇಕು ಎಂದು ಅವರು ಹೇಳಿದರು.

ಮೊದಲ ತಿಂಗಳುಗಳಲ್ಲಿ ಮಾತ್ರೆಯಿಂದ ಹೆಚ್ಚೇನೂ ಆಗಲಿಲ್ಲ. ಕಾರಣ ಹೀಗೆ: ನರದಿಂದ ಸಂದೇಶ ಬಂದರೆ ಅದನ್ನು ಹೆಚ್ಚು ಹೊತ್ತು ಉಳಿಸುವುದಷ್ಟೇ ಈ ಮಾತ್ರೆಯ ಕೆಲಸ. ನರವೇ ಸುಮ್ಮನಿದ್ದರೆ ಉಳಿಸಲು ಏನೂ ಇರುವುದಿಲ್ಲ. ಹಾಗಾಗಿ ಮೊದಲು ಸೋತ ಮಾತ್ರೆಯೇ ಒಂದು ವರ್ಷದ ನಂತರ ಕೆಲಸ ಮಾಡಬಹುದು.

ಅಲ್ಲಿಯವರೆಗೆ ವ್ಯಾಕ್ಯೂಮ್ ಪಂಪ್. ಶಿಶ್ನದ ಮೇಲೆ ಹಾಕುವ ಒಂದು ಪ್ಲಾಸ್ಟಿಕ್ ಕೊಳವೆ, ಕೈಯಿಂದ ಗಾಳಿ ಎಳೆಯುವ ಪಂಪ್, ಬುಡಕ್ಕೆ ಬಿಗಿಯುವ ಒಂದು ರಬ್ಬರ್ ರಿಂಗ್. ಬುಡದ ಕೂದಲು ಕತ್ತರಿಸಿ, ನೀರಿನ ಜೆಲ್ ಹಚ್ಚಿ ಕೊಳವೆಯನ್ನು ಮೈಗೆ ಒತ್ತಿ ಹಿಡಿಯಬೇಕು, ಎಲ್ಲೂ ಗಾಳಿ ಸೋರಬಾರದು. ನಿಧಾನ ಎಳೆಯಬೇಕು, ಎರಡು ಸಲ ಎಳೆದು ಸ್ವಲ್ಪ ನಿಲ್ಲಬೇಕು. ಅವಸರ ಮಾಡಿದರೆ ನೋವು, ಕೆಂಪು ಚುಕ್ಕಿ. ದಿನಾ ರಿಂಗ್ ಇಲ್ಲದೆ ಹತ್ತು ನಿಮಿಷ ಮಾಡುತ್ತಿದ್ದೆ, ರಕ್ತ ಓಡಾಡಿ ಒಳಗಿನ ಮಾಂಸ ಕುಗ್ಗದಿರಲಿ ಎಂದು. ಇದರಿಂದ ನರ ಬೇಗ ಮಾಗುತ್ತದೆ ಎಂದು ಗಟ್ಟಿ ಪುರಾವೆ ಇಲ್ಲ, ಅದನ್ನು ಯುರಾಲಜಿಸ್ಟೇ ಹೇಳಿದರು. ಆದರೆ ರಿಂಗ್ ಹಾಕಿದರೆ ಕೂಡಲು ಸಾಧ್ಯವಾಗುತ್ತದೆ, ನರ ಇರಲಿ ಬಿಡಲಿ. ರಿಂಗ್ 30 ನಿಮಿಷಕ್ಕಿಂತ ಜಾಸ್ತಿ ಇರಕೂಡದು. ತುಸು ತಣ್ಣಗಿರುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ, ಬುಡದಲ್ಲಿ ಬಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಪಂಪ್ ಬಳಸಬಾರದು. ಪಂಪೂ ಆಗದವರಿಗೆ ಶಿಶ್ನದ ಪಕ್ಕದಿಂದ ಕೊಡುವ ಇಂಜೆಕ್ಷನ್ ಇದೆ, ಅದಕ್ಕೆ ನರದ ಸಂದೇಶ ಬೇಕಿಲ್ಲ. ಮೊದಲ ಡೋಸ್ ಆಸ್ಪತ್ರೆಯಲ್ಲೇ ಕೊಡುತ್ತಾರೆ. ನಿಮಿರುವಿಕೆ ನಾಲ್ಕು ತಾಸು ದಾಟಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನನಗೆ ಅದರ ಅಗತ್ಯ ಬೀಳಲಿಲ್ಲ.

ನನ್ನ ಹೆಂಡತಿಯ ಹೆದರಿಕೆ ಬೇರೆ ಇತ್ತು. "ಒಳಗ ಹೊಲಿಗಿ ಹಾಕ್ಯಾರ, ಏನರ ಆದ್ರ ಹೆಂಗ್ರಿ?" ಅನ್ನುತ್ತಿದ್ದಳು. ಅವಳನ್ನು ಸರ್ಜನ್ ಹತ್ತಿರ ಕರೆದುಕೊಂಡು ಹೋದೆ, ಅವರ ಬಾಯಿಂದಲೇ ಕೇಳಲಿ ಎಂದು. ಕ್ಯಾನ್ಸರ್ ಅಂಟುವುದಿಲ್ಲ, ಕೀಮೋ ನಡೆದಾಗ ಮತ್ತು ಮುಗಿದ ಕೆಲವು ದಿನ ಕಾಂಡೋಮ್ ಬಳಸಿ ಎಂದರು. ಚೀಲವನ್ನು ಮೊದಲೇ ಖಾಲಿ ಮಾಡಿ, ಮಡಚಿ, ಮೇಲೆ ಮೆತ್ತನೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದೆ. ಪಕ್ಕಕ್ಕೆ ಮಲಗಿದರೆ ಅದರ ಮೇಲೆ ಭಾರ ಬೀಳುವುದಿಲ್ಲ. ಚೀಲ ತೆಗೆದಮೇಲೆ ಇನ್ನೊಂದು ತೊಂದರೆ ಬಂತು, ಸಂಜೆ ಹೊತ್ತಿಗೆ ಪದೇಪದೇ ಸಂಡಾಸಿಗೆ ಹೋಗಬೇಕು. ನಾವು ಸಮಯವನ್ನೇ ಬೆಳಗಿಗೆ ಬದಲಿಸಿದೆವು. ಬೆಳಗ್ಗೆ ಹೊಟ್ಟೆ ಖಾಲಿ ಇರುವುದರಿಂದ ಮಾತ್ರೆಯೂ ಸರಿಯಾಗಿ ಹತ್ತುತ್ತಿತ್ತು.

ಈ ಅಪಾಯ ಹೆಂಗಸರಿಗೂ ಇದೆ. ಅವರಿಗೆ ಒಣಗುವಿಕೆ, ನೋವು, ರೇಡಿಯೇಶನ್ನಿನಿಂದ ಯೋನಿ ಕಿರಿದಾಗುವುದು. ಅದು ಅಂಟಿಕೊಳ್ಳದಂತೆ ಡೈಲೇಟರ್ ಎಂಬ ನಯವಾದ ಕೊಳವೆಗಳನ್ನು ಸಣ್ಣದರಿಂದ ಶುರುಮಾಡಿ ಬಳಸುವ ಕ್ರಮವಿದೆ, ಜೆಲ್ ಇದೆ. ಅವರನ್ನು ಇದನ್ನು ಕೇಳುವವರು ಇನ್ನೂ ಕಡಿಮೆ. ಚೀಲದ ಆರೈಕೆ ಕಲಿಸುವ ನರ್ಸ್ ಅಕ್ಕನ ಹತ್ತಿರ ಕೇಳುವುದು ಬಹಳ ಜನ ಹೆಂಗಸರಿಗೆ ಸುಲಭ.

ಬಸ್ ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಪುಡಿ, ಲೇಹ್ಯ ಬೇಡ. ಅಂಥವುಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಹೇಳದೆ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ನೈಟ್ರೇಟ್ ತಗೊಳ್ಳುವವರಿಗೆ ಅದೇ ವಿಷ.

ಒಂದು ವರ್ಷ ಹತ್ತಿರವಾದಾಗ ನಸುಕಿನಲ್ಲಿ ಅರೆಬರೆ ನಿಮಿರುವಿಕೆ ಕಾಣಿಸಿತು. ಬಲಗಡೆಯ ನರ ಎದ್ದಿದೆ ಅನ್ನುವುದಕ್ಕೆ ಅದೇ ಗುರುತು. ಆಗ ಅದೇ ಬಗೆಯ ಇನ್ನೊಂದು ಮಾತ್ರೆ, ದಿನಾ 5 ಮಿಲಿಗ್ರಾಂ ಟಾಡಾಲಾಫಿಲ್‌ಗೆ ಬದಲಿಸಿದರು, ಊಟದ ಹೊತ್ತು ನೋಡಿಕೊಂಡು ನುಂಗುವ ತಾಪತ್ರಯ ತಪ್ಪಿತು. ಒಂದೂವರೆ ವರ್ಷಕ್ಕೆ ಮಾತ್ರೆಯೊಂದಿಗೆ ನನ್ನ ಅಂಕ 15. ರಿಂಗ್ ಈಗ ಅಪರೂಪಕ್ಕೆ ಮಾತ್ರ. ವೀರ್ಯ ಮರಳಲಿಲ್ಲ. ರೇಡಿಯೇಶನ್ನಿನ ಪರಿಣಾಮ ರಕ್ತನಾಳಗಳ ಮೇಲೆ ವರ್ಷಗಳ ನಂತರವೂ ಕಾಣಬಹುದು, ಟೆಸ್ಟೊಸ್ಟೆರಾನ್ ಇಳಿಯಲೂಬಹುದು. ಹಾಗಾಗಿ ಆಸೆಯೇ ಕಡಿಮೆಯಾದರೆ ಬೆಳಗಿನ ರಕ್ತದಲ್ಲಿ ಅದನ್ನು ನೋಡಿಸಬೇಕು ಎಂದು ಯುರಾಲಜಿಸ್ಟ್ ಹೇಳಿದ್ದಾರೆ. ಸದ್ಯಕ್ಕೆ ನನ್ನದು ಸರಿಯಿದೆ, ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು ಟಾಡಾಲಾಫಿಲ್ ಮುಂದುವರಿಸಿದ್ದೇನೆ.